ಚೆಕ್‌ಔಟ್ ಸೋರಿಕೆ ವಿಶ್ಲೇಷಣೆ

ಚೆಕ್‌ಔಟ್ ಸೋರಿಕೆ ವಿಶ್ಲೇಷಣೆ ಎಂಬುದು ಆನ್‌ಲೈನ್ ಅಂಗಡಿಯ ಗ್ರಾಹಕರು ಸರಕನ್ನು ಕಾರ್ಟ್‌ಗೆ ಸೇರಿಸಿದ ಬಳಿಕ ಖರೀದಿಯನ್ನು ಪೂರ್ಣಗೊಳಿಸದೆ ಯಾವ ಹಂತದಲ್ಲಿ ಹಿಂದಿರುಗುತ್ತಾರೆ ಎಂಬುದನ್ನು ಜಾಲತಾಣದ ಬಳಕೆಯ ದಾಖಲೆಗಳಿಂದ ಪತ್ತೆಹಚ್ಚುವ ವಿಧಾನ. ಹಂತದಿಂದ ಹಂತಕ್ಕೆ ಜನರ ಸಂಖ್ಯೆ ಕಡಿಮೆಯಾಗುತ್ತ ಹೋಗುವುದರಿಂದ ಇದನ್ನು ಆಲಿಕೆಗೆ ಹೋಲಿಸಿ ‘ಫನಲ್’ ಎಂದು ಕರೆಯುತ್ತಾರೆ. ಎಲ್ಲ ಹಂತಗಳನ್ನೂ ಏಕಕಾಲದಲ್ಲಿ ಬದಲಾಯಿಸಿದರೆ ಯಾವ ಬದಲಾವಣೆಯಿಂದ ಏನಾಯಿತೆಂದು ತಿಳಿಯುವುದಿಲ್ಲ. ಆದ್ದರಿಂದ ಅತಿ ದೊಡ್ಡ ಸೋರಿಕೆಯನ್ನು ಗುರುತಿಸಿ ಮೊದಲು ಅದೊಂದನ್ನೇ ಸರಿಪಡಿಸುವುದು ರೂಢಿ.

ಭಾರತದ ಹಿನ್ನೆಲೆ

ಭಾರತದಲ್ಲಿ ಈ ಸೋರಿಕೆಯ ಚರ್ಚೆ ಬಹುಪಾಲು ಪಾವತಿಯ ಹಂತವನ್ನೇ ಸುತ್ತುತ್ತದೆ. ಭಾರತೀಯ ರಿಸರ್ವ್ ಬ್ಯಾಂಕಿನ ಆದೇಶದಂತೆ 2009ರ ಆಗಸ್ಟ್ 1ರಿಂದ ಆನ್‌ಲೈನ್ ಕಾರ್ಡ್ ಪಾವತಿಗಳಿಗೆ ಕಾರ್ಡಿನ ಮೇಲೆ ಕಾಣದ ಹೆಚ್ಚುವರಿ ದೃಢೀಕರಣ ಕಡ್ಡಾಯವಾಯಿತು. ಇದರಿಂದ ವಂಚನೆಗೆ ತಡೆ ಬಿದ್ದರೂ ಗ್ರಾಹಕನು ಅಂಗಡಿಯ ಪುಟದಿಂದ ಬ್ಯಾಂಕಿನ ಪುಟಕ್ಕೆ ಹೋಗಿ ಗುಪ್ತಪದ ಅಥವಾ ಒಟಿಪಿ ನಮೂದಿಸಿ ಮರಳಬೇಕಾಯಿತು. ಸಂಪರ್ಕ ಕಡಿದುಹೋಗುವುದಕ್ಕೂ ಸಂದೇಶ ತಡವಾಗುವುದಕ್ಕೂ ಇದು ಅವಕಾಶವಾಯಿತು.

2007ರಲ್ಲಿ ಬೆಂಗಳೂರಿನಲ್ಲಿ ಪುಸ್ತಕದ ಅಂಗಡಿಯಾಗಿ ಆರಂಭವಾದ ಫ್ಲಿಪ್‌ಕಾರ್ಟ್ 2010ರಲ್ಲಿ ಸರಕು ಮನೆಗೆ ತಲುಪಿದಾಗ ನಗದು ಕೊಡುವ ‘ಕ್ಯಾಶ್ ಆನ್ ಡೆಲಿವರಿ’ ವ್ಯವಸ್ಥೆಯನ್ನು ತಂದಿತು. ಕಾರ್ಡ್ ಇಲ್ಲದವರಿಗೂ ಆನ್‌ಲೈನ್ ಪಾವತಿಯಲ್ಲಿ ನಂಬಿಕೆಯಿಲ್ಲದವರಿಗೂ ಇದರಿಂದ ಖರೀದಿ ಸಾಧ್ಯವಾಯಿತು. ಪಾವತಿಯ ಹಂತವನ್ನು ದುರಸ್ತಿ ಮಾಡುವ ಬದಲು ಅದನ್ನು ಚೆಕ್‌ಔಟ್‌ನಿಂದಲೇ ಹೊರಗಿಟ್ಟ ಪರಿಹಾರವಿದು. ಆದರೆ ಇಂಥ ಪರಿಹಾರದಲ್ಲಿ ಸೋರಿಕೆಯ ಒಂದು ಪಾಲು ಪರದೆಯಿಂದ ಮನೆಬಾಗಿಲಿಗೆ ಸ್ಥಳಾಂತರಗೊಳ್ಳುತ್ತದೆ. ಪೊಟ್ಟಣವನ್ನು ಸ್ವೀಕರಿಸದೆ ಹಿಂದಿರುಗಿಸಿದಾಗ ಸಾಗಣೆಯ ವೆಚ್ಚ ಅಂಗಡಿಯ ಮೇಲೆಯೇ ಬೀಳುತ್ತದೆ. ಅನಲಿಟಿಕ್ಸ್ ಮಾತ್ರ ಅದನ್ನು ಯಶಸ್ವಿ ಮಾರಾಟವೆಂದೇ ಎಣಿಸಿರುತ್ತದೆ. 2016ರಲ್ಲಿ ಬಂದ ಯುಪಿಐ ಪಾವತಿಯನ್ನು ಸುಲಭಗೊಳಿಸಿತಾದರೂ ಅಳತೆಯಲ್ಲಿ ಮುಂದೆ ವಿವರಿಸಿರುವ ಹೊಸದೊಂದು ತೊಡಕನ್ನು ಉಂಟುಮಾಡಿತು.

ಹಂತಗಳ ಅಳತೆ

ಗೂಗಲ್ ಅನಲಿಟಿಕ್ಸ್ 4ರಲ್ಲಿ ಅಂಗಡಿಗಳಿಗೆಂದು ನಿಗದಿಪಡಿಸಿದ ಘಟನೆಗಳ ಹೆಸರುಗಳಿವೆ. ಕಾರ್ಟ್ ನೋಡಿದಾಗ `view_cart`, ಚೆಕ್‌ಔಟ್ ಆರಂಭಿಸಿದಾಗ `begin_checkout`, ವಿಳಾಸ ಮತ್ತು ಸಾಗಣೆಯ ವಿವರ ಕೊಟ್ಟಾಗ `add_shipping_info`, ಪಾವತಿಯ ವಿಧಾನ ಆರಿಸಿದಾಗ `add_payment_info`, ಖರೀದಿ ಮುಗಿದಾಗ `purchase` ದಾಖಲಾಗಬೇಕು. ಇವು ತಾವಾಗಿಯೇ ದಾಖಲಾಗುವುದಿಲ್ಲ. ಅಂಗಡಿಯ ತಂತ್ರಾಂಶ ಅವನ್ನು ಕಳುಹಿಸಬೇಕು. ಉದಾಹರಣೆಗೆ, ಗ್ರಾಹಕನು ಯುಪಿಐ ಆರಿಸಿ ಪಾವತಿಯ ಗುಂಡಿ ಒತ್ತಿದಾಗ:

```
gtag('event', 'add_payment_info', {
  currency: 'INR',
  value: 640,
  payment_type: 'UPI'
});
```

ಬಳಿಕ ಇದೇ ಸಾಧನದ `Funnel exploration` ವಿಭಾಗದಲ್ಲಿ ಐದು ಘಟನೆಗಳನ್ನು ಕ್ರಮವಾಗಿ ಜೋಡಿಸಿದರೆ ಪ್ರತಿ ಹಂತದಲ್ಲಿ ಉಳಿದವರ ಮತ್ತು ಬಿಟ್ಟುಹೋದವರ ಸಂಖ್ಯೆ ಕಾಣುತ್ತದೆ. ಬಳಕೆದಾರರ ಮಟ್ಟದ ದಾಖಲೆಗಳನ್ನು ಉಳಿಸಿಡುವ ಅವಧಿ ಮೊದಲಿಗೆ 2 ತಿಂಗಳಿಗೆ ನಿಗದಿಯಾಗಿರುತ್ತದೆ. ಉಚಿತ ಆವೃತ್ತಿಯಲ್ಲಿ ಅದನ್ನು 14 ತಿಂಗಳಿಗೆ ಬದಲಾಯಿಸಿಕೊಳ್ಳದಿದ್ದರೆ ಕಳೆದ ವರ್ಷದ ಹಬ್ಬದ ದಿನಗಳೊಂದಿಗೆ ಹೋಲಿಸಲು ಆಗುವುದಿಲ್ಲ.

ಒಂದು ಉದಾಹರಣೆ

ಮೂಡುಬಿದಿರೆ–ಕಾರ್ಕಳ ರಸ್ತೆಯಲ್ಲಿರುವ ಬೆಳುವಾಯಿಯಿಂದ ಗೋಡಂಬಿ ಮತ್ತು ಹಲಸಿನ ಹಪ್ಪಳವನ್ನು ಆನ್‌ಲೈನ್‌ನಲ್ಲಿ ಮಾರುವ ಒಂದು ಸಣ್ಣ ಅಂಗಡಿಯನ್ನು ಊಹಿಸಿಕೊಳ್ಳಬಹುದು. ಇಲ್ಲಿಯ ಅಂಕಿಗಳು ಲೆಕ್ಕವನ್ನು ವಿವರಿಸಲು ಕಲ್ಪಿಸಿದವು. ಒಂದು ತಿಂಗಳಲ್ಲಿ 1000 ಜನ ಕಾರ್ಟ್ ನೋಡಿದರು. 620 ಜನ ಚೆಕ್‌ಔಟ್ ಆರಂಭಿಸಿದರು. 540 ಜನ ವಿಳಾಸ ಕೊಟ್ಟರು. 500 ಜನ ಪಾವತಿಯ ಗುಂಡಿ ಒತ್ತಿದರು. 260 ಖರೀದಿಗಳು ದಾಖಲಾದವು.

ಸಂಖ್ಯೆಯಲ್ಲಿ ದೊಡ್ಡ ನಷ್ಟ ಮೊದಲ ಹಂತದ್ದು: 380 ಜನ. ಆದರೆ ಕಾರ್ಟ್ ನೋಡುವವರಲ್ಲಿ ಬೆಲೆ ಹೋಲಿಸುವವರು, ಸಾಗಣೆಯ ವೆಚ್ಚ ತಿಳಿಯಲು ಬಂದವರು ಅನೇಕರಿರುತ್ತಾರೆ. ಪೇಟೆಯಲ್ಲಿ ದರ ಕೇಳಿ ಮುಂದೆ ಹೋಗುವವರಂತೆ. ವಿಳಾಸ ಬರೆದು ಪಾವತಿಯ ಗುಂಡಿಯನ್ನೂ ಒತ್ತಿದವನು ಕೊಳ್ಳಲು ನಿರ್ಧರಿಸಿದವನು. ಅಂಥ 500 ಜನರಲ್ಲಿ 240 ಮಂದಿ, ಅಂದರೆ ಶೇ. 48ರಷ್ಟು, ಕಾಣೆಯಾಗಿರುವುದೇ ಸರಿಪಡಿಸಲು ಯೋಗ್ಯವಾದ ದೊಡ್ಡ ಸೋರಿಕೆ.

ಮುಂದಿನ ಕೆಲಸ ಈ ಹಂತವನ್ನು ಸಾಧನದ ಪ್ರಕಾರ ವಿಭಜಿಸುವುದು. ಕಂಪ್ಯೂಟರ್‌ನಿಂದ ಬಂದ 120 ಜನರಲ್ಲಿ 96 ಜನ ಖರೀದಿ ಮುಗಿಸಿದ್ದರೆ, ಮೊಬೈಲ್‌ನಿಂದ ಬಂದ 380 ಜನರಲ್ಲಿ ಮುಗಿಸಿದವರು 164 ಮಾತ್ರ. ಒಟ್ಟು ಸಂಖ್ಯೆಯಲ್ಲಿ ಅಡಗಿದ್ದ ತೊಂದರೆ ಮೊಬೈಲ್‌ನದೆಂದು ಇದರಿಂದ ತಿಳಿಯುತ್ತದೆ.

ತೋರಿಕೆಯ ಸೋರಿಕೆ

ಈ ಘಟ್ಟದಲ್ಲಿ ಪುಟದ ವಿನ್ಯಾಸಕ್ಕೆ ಕೈಹಾಕುವ ಮೊದಲು ಅಳತೆಯನ್ನೇ ಅನುಮಾನಿಸಬೇಕಾಗುತ್ತದೆ. `purchase` ಘಟನೆ ಸಾಮಾನ್ಯವಾಗಿ ‘ಧನ್ಯವಾದ’ ಎಂದು ತೋರಿಸುವ ಕೊನೆಯ ಪುಟ ತೆರೆದಾಗ ದಾಖಲಾಗುತ್ತದೆ. ಯುಪಿಐ ಆ್ಯಪ್‌ನಲ್ಲಿ ಹಣ ಕೊಟ್ಟವನು ಬ್ರೌಸರ್‌ಗೆ ಮರಳದಿದ್ದರೆ, ಅಥವಾ ಫೋನಿನ ಮೆಮೊರಿ ಸಾಲದೆ ಆ ಪುಟ ಮುಚ್ಚಿಹೋದರೆ, ಹಣ ಅಂಗಡಿಗೆ ಸೇರಿದ್ದರೂ ಖರೀದಿ ದಾಖಲಾಗುವುದಿಲ್ಲ. ಪೇಮೆಂಟ್ ಗೇಟ್‌ವೇಯ ಲೆಕ್ಕವನ್ನು ಆರ್ಡರ್ ಸಂಖ್ಯೆಯ ಆಧಾರದಲ್ಲಿ ಅನಲಿಟಿಕ್ಸ್‌ನ `transaction_id` ಜೊತೆ ತಾಳೆ ನೋಡಿದರೆ ಇದು ಬಯಲಾಗುತ್ತದೆ. ಮೇಲಿನ ಉದಾಹರಣೆಯಲ್ಲಿ ಮೊಬೈಲ್‌ನ ಯಶಸ್ವಿ ಪಾವತಿಗಳು 204 ಎಂದು ಗೇಟ್‌ವೇ ತೋರಿಸಿದರೆ, 40 ಜನ ಬಿಟ್ಟುಹೋದವರೇ ಅಲ್ಲ. ಅವರಿಗೆ ‘ಕಾರ್ಟ್‌ನಲ್ಲಿ ಸರಕು ಉಳಿದಿದೆ’ ಎಂಬ ಸಂದೇಶ ಹೋದರೆ ಕಿರಿಕಿರಿ ಸಹಜ. ಗೇಟ್‌ವೇ ನೇರವಾಗಿ ಅಂಗಡಿಯ ಸರ್ವರ್‌ಗೆ ಕಳುಹಿಸುವ ಸೂಚನೆಯ ಆಧಾರದಲ್ಲಿ ಖರೀದಿಯನ್ನು ದಾಖಲಿಸುವುದು ಇದಕ್ಕೆ ಪರಿಹಾರ.

ಇನ್ನೊಂದು ಲಕ್ಷಣವೂ ಉಂಟು. ಬ್ಯಾಂಕಿನ ಅಥವಾ ಗೇಟ್‌ವೇಯ ವಿಳಾಸವೇ ಗ್ರಾಹಕರನ್ನು ಕಳುಹಿಸಿದ ಮೂಲವೆಂದು ವರದಿಯಲ್ಲಿ ಕಂಡರೆ, ಪಾವತಿ ಮುಗಿಸಿ ಮರಳಿದವರು ಹೊಸದಾಗಿ ಬಂದವರಂತೆ ಎಣಿಕೆಯಾಗುತ್ತಿದ್ದಾರೆ ಎಂದರ್ಥ. ಆ ವಿಳಾಸಗಳನ್ನು ಸೆಟ್ಟಿಂಗ್‌ಗಳಲ್ಲಿ `List unwanted referrals` ಪಟ್ಟಿಗೆ ಸೇರಿಸಬೇಕು.

ದುರಸ್ತಿ ಮತ್ತು ಪರಿಶೀಲನೆ

ತಾಳೆ ನೋಡಿದ ಬಳಿಕವೂ ಮೊಬೈಲ್‌ನಲ್ಲಿ 176 ಜನರ ನಿಜವಾದ ನಷ್ಟ ಉಳಿಯುತ್ತದೆ. `payment_type` ಪ್ರಕಾರ ವಿಂಗಡಿಸಿದಾಗ ಕಾರ್ಡ್ ಆರಿಸಿದ 90 ಜನರಲ್ಲಿ 63 ಜನ, ಯುಪಿಐ ಆರಿಸಿದ 290 ಜನರಲ್ಲಿ 141 ಜನ ಮಾತ್ರ ಪಾವತಿ ಮುಗಿಸಿದ್ದಾರೆ ಎಂದಿಟ್ಟುಕೊಳ್ಳೋಣ. ಎಲ್ಲಿ ಎಂಬುದಕ್ಕೆ ಅಂಕಿಗಳು ಇಲ್ಲಿಯವರೆಗೆ ಉತ್ತರ ಕೊಡುತ್ತವೆ. ಏಕೆ ಎಂಬುದಕ್ಕೆ ಕಡಿಮೆ ಬೆಲೆಯ ಫೋನೊಂದರಲ್ಲಿ, ದುರ್ಬಲ ಸಂಪರ್ಕದಲ್ಲಿ, ಸ್ವತಃ ಆರ್ಡರ್ ಮಾಡಿ ನೋಡುವುದಕ್ಕಿಂತ ಒಳ್ಳೆಯ ದಾರಿಯಿಲ್ಲ. ಗ್ರಾಹಕನು ತನ್ನ ಯುಪಿಐ ಐಡಿಯನ್ನು ಅಕ್ಷರಶಃ ಟೈಪ್ ಮಾಡಿ, ಬಳಿಕ ಆ್ಯಪ್ ತೆರೆದು, ಅಲ್ಲಿ ಬಂದ ಕೋರಿಕೆಯನ್ನು ಸಮಯ ಮೀರುವ ಮೊದಲು ಒಪ್ಪಬೇಕಾಗಿದ್ದರೆ ಕಾರಣ ಅಲ್ಲೇ ಸಿಗುತ್ತದೆ. ಗುಂಡಿ ಒತ್ತಿದೊಡನೆ ಮೊತ್ತ ತುಂಬಿದ ಯುಪಿಐ ಆ್ಯಪ್ ನೇರವಾಗಿ ತೆರೆಯುವ ‘ಇಂಟೆಂಟ್’ ವಿಧಾನಕ್ಕೆ ಬದಲಾಯಿಸುವುದು ಇಲ್ಲಿಯ ದುರಸ್ತಿ.

ಫಲಿತಾಂಶವನ್ನು ಅದೇ ಹಂತದಲ್ಲಿ, ಅದೇ ಸಾಧನದಲ್ಲಿ, ಗೇಟ್‌ವೇಯ ಲೆಕ್ಕದಿಂದಲೇ ಅಳೆಯಬೇಕು. ಮುಂದಿನ ತಿಂಗಳು ಯುಪಿಐ ಆರಿಸಿದ 300 ಜನರಲ್ಲಿ 204 ಜನ ಪಾವತಿ ಮುಗಿಸಿದರೆ ಪ್ರಮಾಣ ಶೇ. 49ರಿಂದ 68ಕ್ಕೆ ಏರಿದಂತಾಯಿತು. ಇಷ್ಟು ಜನರ ಲೆಕ್ಕದಲ್ಲಿ ಸುಮಾರು 8 ಅಂಶಗಳವರೆಗಿನ ವ್ಯತ್ಯಾಸ ಆಕಸ್ಮಿಕವಾಗಿಯೂ ಬರಬಹುದು. 19 ಅಂಶಗಳ ಏರಿಕೆ ಅದನ್ನು ಮೀರಿದ್ದು. ತಿಂಗಳಿಗೆ ಮೂವತ್ತೋ ನಲವತ್ತೋ ಆರ್ಡರ್ ಬರುವ ಅಂಗಡಿಯಲ್ಲಿ ಇಂಥ ತೀರ್ಮಾನಕ್ಕೆ ಹಲವು ತಿಂಗಳು ಕಾಯಬೇಕಾಗುತ್ತದೆ. ದೀಪಾವಳಿಯ ತಿಂಗಳನ್ನು ಅದರ ಹಿಂದಿನ ತಿಂಗಳಿಗೆ ಹೋಲಿಸಿದರೆ ಏರಿಕೆ ದುರಸ್ತಿಯದೋ ಹಬ್ಬದ್ದೋ ತಿಳಿಯದು. ಒಂದೇ ಅವಧಿಯಲ್ಲಿ ಅರ್ಧ ಗ್ರಾಹಕರಿಗೆ ಹಳೆಯ ಪುಟವನ್ನೂ ಉಳಿದರ್ಧಕ್ಕೆ ಹೊಸದನ್ನೂ ತೋರಿಸುವ ಎ/ಬಿ ಪರೀಕ್ಷೆ ಈ ಗೊಂದಲವನ್ನು ತಪ್ಪಿಸುತ್ತದೆ. ಆದರೆ ಪ್ರತಿ ಗುಂಪಿಗೂ ನೂರಾರು ಗ್ರಾಹಕರು ಬೇಕಾಗುತ್ತಾರೆ.