ಅಂಚಿನಲ್ಲಿ ದೊಡ್ಡದಾಗಿ ಕಾಣುವ ಚಂದ್ರ: ಬಸ್ರಾದ ವಿದ್ವಾಂಸರೊಬ್ಬರು ಕೊಟ್ಟ ಉತ್ತರ

ರಮಜಾನ್ ಮೂವತ್ತು ಪೂರ್ಣಗೊಂಡು ಈದ್ ಬಂದ ವರ್ಷಗಳಲ್ಲಿ ನಮ್ಮ ಬಾತಿಯ ಮಸೀದಿಯ ಅಂಗಳದಲ್ಲಿ ಒಂದು ಮಾತು ತಪ್ಪದೆ ಕೇಳಿಬರುತ್ತದೆ. ಮಗ್ರಿಬ್ ಮುಗಿಸಿ ಹೊರಗೆ ಬಂದವರು ಹರಿಹರದ ದಿಕ್ಕಿಗೆ ನೋಡುತ್ತಾರೆ. ಚಂದ್ರ ಎದ್ದು ಕಾಣುತ್ತಾನೆ. ಆಗ ಹಿರಿಯರೊಬ್ಬರು, "ಹಜರತ್, ಇದು ಮೊದಲ ದಿನದ ಚಾಂದ್ ಅಲ್ಲವೇ ಅಲ್ಲ, ಎಷ್ಟು ದೊಡ್ಡದಿದೆ ನೋಡಿ! ನಿನ್ನೆಯೇ ಆಗಿಹೋಗಿದೆ. ಇವತ್ತು ನಾವು ಈದ್ ದಿನವೇ ರೋಜಾ ಇಟ್ಟೆವು" ಎನ್ನುತ್ತಾರೆ. ರಮಜಾನ್ ಶುರುವಿನಲ್ಲಿ ಇದೇ ಮಾತು ತಿರುಗಿ ಬರುತ್ತದೆ: "ಒಂದು ರೋಜಾ ತಪ್ಪಿತು, ಕಜಾ ಮಾಡಬೇಕಲ್ಲವೇ?" ಮನೆಯಲ್ಲಿ ಹೆಂಗಸರು, ಮಕ್ಕಳು ಇದನ್ನು ಕೇಳಿ ಗಾಬರಿಯಾಗುತ್ತಾರೆ. ಇಬಾದತ್ತಿನ ವಿಷಯದಲ್ಲಿ ಮನಸ್ಸಿಗೆ ಬಿದ್ದ ಸಂಶಯ ಚಿಕ್ಕದಲ್ಲ. ಆದ್ದರಿಂದ ಜುಮಾ ಬಯಾನಿನಲ್ಲಿ ಹೇಳಿದ್ದನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ಬರೆಯುತ್ತಿದ್ದೇವೆ.

ಈ ಸಂಶಯ ನಮ್ಮ ಕಾಲದ್ದಲ್ಲ, ತಾಬಿಈಗಳ ಕಾಲದ್ದು. ಸಹೀಹ್ ಮುಸ್ಲಿಮ್‌ನಲ್ಲಿ ಅಬುಲ್ ಬಖ್ತರಿಯವರ ವರದಿಯಿದೆ. ಅವರೂ ಸಂಗಡಿಗರೂ ಉಮ್ರಾಕ್ಕೆ ಹೊರಟು, ಮಕ್ಕಾ ಮತ್ತು ತಾಯಿಫ್ ನಡುವಿನ ಬತ್ನ್ ನಖ್ಲಾ ಎಂಬಲ್ಲಿ ತಂಗಿದಾಗ ಚಂದ್ರನನ್ನು ಕಂಡರು. ಕೆಲವರು ಅದು ಮೂರು ರಾತ್ರಿಯ ಚಂದ್ರ ಎಂದರು, ಕೆಲವರು ಎರಡು ರಾತ್ರಿಯದು ಎಂದರು. ಮುಂದೆ ಹಜರತ್ ಇಬ್ನು ಅಬ್ಬಾಸ್ (ರ) ಸಿಕ್ಕಾಗ ಈ ಚರ್ಚೆಯನ್ನು ಅವರ ಮುಂದಿಟ್ಟರು. ಅವರು ಚಂದ್ರನ ಗಾತ್ರವನ್ನು ವಿಚಾರಿಸಲೇ ಇಲ್ಲ. ಯಾವ ರಾತ್ರಿ ಕಂಡಿರಿ ಎಂದಷ್ಟೇ ಕೇಳಿದರು. ತಿಂಗಳನ್ನು ಕಾಣುವುದಕ್ಕೆ ಒಪ್ಪಿಸಲಾಗಿದೆ, ಆದ್ದರಿಂದ ಕಂಡ ರಾತ್ರಿಯೇ ಅದರ ರಾತ್ರಿ ಎಂಬ ಪ್ರವಾದಿ (ಸ) ಅವರ ಬೋಧನೆಯನ್ನು ತಿಳಿಸಿದರು.

ಹುಕುಮ್ ಇಷ್ಟೇ. ಆದರೆ ಕಣ್ಣಿಗೆ ದೊಡ್ಡದಾಗಿ ಕಂಡದ್ದು ಹೇಗೆ ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಅದಕ್ಕೂ ಉತ್ತರ ಹುಡುಕಿದವರಲ್ಲಿ ನಮ್ಮ ಹಿರಿಯರೊಬ್ಬರಿದ್ದಾರೆ.

ಮೊದಲು ಅವರಿಗಿಂತ ಹಿಂದಿನ ಉತ್ತರ ನೋಡೋಣ. ಕ್ರಿ.ಶ. ಎರಡನೇ ಶತಮಾನದಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿದ್ದ ಟಾಲೆಮಿ ಎಂಬ ಪಂಡಿತ ಖಗೋಳದ ಬಗ್ಗೆ ದೊಡ್ಡ ಗ್ರಂಥ ಬರೆದನು. ಅರಬ್ಬರು ಅದನ್ನು 'ಅಲ್ ಮಜಿಸ್ತಿ' ಎಂದು ಕರೆದರು. ಆಕಾಶದ ಅಂಚಿನಲ್ಲಿ ಸೂರ್ಯ ಚಂದ್ರರು ದೊಡ್ಡದಾಗಿ ಕಾಣುವುದು ಅವು ಹತ್ತಿರ ಬಂದದ್ದರಿಂದ ಅಲ್ಲ, ಭೂಮಿಯನ್ನು ಸುತ್ತಿರುವ ತೇವದ ಹಬೆ ನಡುವೆ ಬರುವುದರಿಂದ ಎಂದು ಅವನು ಅದರಲ್ಲಿ ಹೇಳಿದನು. ನೀರಿನಲ್ಲಿ ಮುಳುಗಿಸಿದ ವಸ್ತು ದೊಡ್ಡದಾಗಿ ಕಾಣುವಂತೆ ಇದು ಎಂಬುದು ಅವನ ಹೋಲಿಕೆ. ಬಕೆಟ್ ನೀರಿನೊಳಗೆ ನಮ್ಮ ಕೈ ಉಬ್ಬಿದಂತೆ ಕಾಣುವುದನ್ನು ಎಲ್ಲರೂ ನೋಡಿರುವುದರಿಂದ ಈ ಮಾತು ಸಲೀಸಾಗಿ ಮನಸ್ಸಿಗೆ ಹಿಡಿಯುತ್ತದೆ. ಇಂದಿಗೂ ಎಷ್ಟೋ ಜನ ಇದನ್ನೇ ಕಾರಣವೆಂದು ಹೇಳುತ್ತಾರೆ.

ಇದನ್ನು ಒರೆಗೆ ಹಚ್ಚಿದವರು ಇಬ್ನುಲ್ ಹೈಸಮ್. ಸುಮಾರು 965ರಲ್ಲಿ ಇರಾಕಿನ ಬಸ್ರಾದಲ್ಲಿ ಹುಟ್ಟಿ, ಮುಂದೆ ಕೈರೋ ಸೇರಿದರು. ನೈಲ್ ನದಿಯ ನೀರನ್ನು ಹತೋಟಿಗೆ ತರುವ ಕೆಲಸಕ್ಕೆ ಫಾತಿಮಿ ಖಲೀಫ ಅಲ್ ಹಾಕಿಮ್ ಅವರನ್ನು ಕರೆಸಿದನು. ಅದು ಆಗದ ಕೆಲಸವೆಂದು ತಿಳಿದ ಮೇಲೆ ಖಲೀಫನ ಕೋಪಕ್ಕೆ ಹೆದರಿ ಹುಚ್ಚನಂತೆ ನಟಿಸಿದರು, 1021ರಲ್ಲಿ ಅವನ ಕಾಲ ಮುಗಿಯುವವರೆಗೂ ಹಾಗೆಯೇ ಇದ್ದರು ಎಂದು ಚರಿತ್ರೆಕಾರರು ಬರೆದಿದ್ದಾರೆ. ಆಮೇಲೆ ಅಜ್‌ಹರ್ ಮಸೀದಿಯ ಬಳಿ ಗ್ರಂಥಗಳ ಪ್ರತಿ ಬರೆದುಕೊಟ್ಟು ಅದರ ಸಂಪಾದನೆಯಲ್ಲಿ ಬದುಕಿದರಂತೆ. ಸುಮಾರು 1040ರಲ್ಲಿ ತೀರಿಕೊಂಡರು. ದೃಷ್ಟಿಯ ಬಗ್ಗೆ ಅವರು ಬರೆದ 'ಕಿತಾಬುಲ್ ಮನಾಜಿರ್' ಏಳು ಭಾಗಗಳ ಗ್ರಂಥ. ಚಂದ್ರನ ಪ್ರಶ್ನೆ ಅದರ ಏಳನೇ ಭಾಗದಲ್ಲಿ ಬರುತ್ತದೆ.

ಬೆಳಕು ತೆಳುವಾದ ಮಾಧ್ಯಮದಿಂದ ದಟ್ಟವಾದ ಗಾಳಿಗೆ ಬರುವಾಗ ಬಾಗುತ್ತದೆ ಎಂಬುದು ಅವರಿಗೆ ಚೆನ್ನಾಗಿ ತಿಳಿದಿತ್ತು. ಆ ಬಾಗುವಿಕೆಯಿಂದ ಚಂದ್ರ ದೊಡ್ಡದಾಗಬೇಕೋ ಚಿಕ್ಕದಾಗಬೇಕೋ ಎಂದು ರೇಖಾಗಣಿತದಿಂದ ನೋಡಿದರು. ಉತ್ತರ ತಿರುವುಮುರುವಾಗಿ ಬಂತು: ದೊಡ್ಡದಾಗುವುದಿಲ್ಲ, ಚಿಕ್ಕದಾಗಬೇಕು. ಇಂದಿನ ಅಳತೆಯೂ ಅದನ್ನೇ ಹೇಳುತ್ತದೆ. ಅಂಚಿನಲ್ಲಿರುವ ಚಂದ್ರನ ಕೆಳ ಅಂಚನ್ನು ಗಾಳಿ ಮೇಲಂಚಿಗಿಂತ ಹೆಚ್ಚು ಎತ್ತಿ ತೋರಿಸುತ್ತದೆ. ಆದ್ದರಿಂದ ಹುಟ್ಟುವಾಗ ಹುಣ್ಣಿಮೆ ಚಂದ್ರ ಮೇಲಿಂದ ಕೆಳಕ್ಕೆ ಸ್ವಲ್ಪ ಅದುಮಿದ ರೊಟ್ಟಿಯ ಉಂಡೆಯಂತಿರುತ್ತಾನೆ, ಅಗಲವಂತೂ ಹೆಚ್ಚುವುದಿಲ್ಲ.

ಹಾಗಾದರೆ ಕಾರಣವೇನು? ಇಬ್ನುಲ್ ಹೈಸಮ್ ಹೇಳಿದ್ದು ಇದು. ಕಣ್ಣು ಯಾವ ವಸ್ತುವಿನ ಗಾತ್ರವನ್ನೂ ನೇರವಾಗಿ ಅಳೆಯುವುದಿಲ್ಲ. ವಸ್ತು ಕಣ್ಣಿನಲ್ಲಿ ಎಷ್ಟು ಜಾಗ ಹಿಡಿಯಿತು ಎಂಬುದು ಒಂದು, ಅದು ಎಷ್ಟು ದೂರದಲ್ಲಿದೆ ಎಂಬ ಅಂದಾಜು ಇನ್ನೊಂದು. ಎರಡನ್ನೂ ಕೂಡಿಸಿ ಮನಸ್ಸು ಗಾತ್ರವನ್ನು ತೀರ್ಮಾನಿಸುತ್ತದೆ. ದಾವಣಗೆರೆ ರಸ್ತೆಯಲ್ಲಿ ದೂರದಿಂದ ಬರುವ ಲಾರಿ ಕಣ್ಣಿಗೆ ಬೆಂಕಿಪೊಟ್ಟಣದಷ್ಟೇ ಕಂಡರೂ ಅದನ್ನು ಆಟಿಕೆ ಎಂದು ಯಾರೂ ತಿಳಿಯುವುದಿಲ್ಲ. ನಡುವಿನ ಕಂಬ, ಮರ, ಅಂಗಡಿಗಳು ದೂರ ಎಷ್ಟೆಂದು ಹೇಳುತ್ತಿರುತ್ತವೆ. ಮನಸ್ಸು ಆ ಲೆಕ್ಕ ಹಿಡಿದು ಲಾರಿಗೆ ಅದರ ಗಾತ್ರವನ್ನು ಹಿಂತಿರುಗಿಸಿ ಕೊಡುತ್ತದೆ.

ಈಗ ಬಾತಿ ಕೆರೆಯ ಏರಿಯ ಮೇಲೆ ನಿಂತು ಪೂರ್ವಕ್ಕೆ ನೋಡಿ. ಹುಣ್ಣಿಮೆಯ ಚಂದ್ರ ಹುಟ್ಟುವಾಗ ನಮಗೂ ಅವನಿಗೂ ನಡುವೆ ಹೊಲ, ತೆಂಗಿನ ಮರ, ಮನೆ, ಆಚೆಗೆ ಊರಿನ ದೀಪಗಳು. ಇವೆಲ್ಲ ಸಾಲಾಗಿ ದೂರವನ್ನು ಎಣಿಸಿಕೊಡುತ್ತವೆ, ಚಂದ್ರ ಅವೆಲ್ಲದರ ಆಚೆ. ಅದೇ ಚಂದ್ರ ನೆತ್ತಿಗೆ ಬಂದಾಗ ನಡುವೆ ಬರೀ ಖಾಲಿ. ಎಣಿಸಲು ಏನೂ ಇಲ್ಲದಿದ್ದಾಗ ಮನಸ್ಸು ದೂರವನ್ನು ಕಡಿಮೆ ಹಿಡಿಯುತ್ತದೆ. ಹೀಗಾಗಿ ಆಕಾಶ ನಮಗೆ ಚಪ್ಪಟೆ ಚಾವಣಿಯಂತೆ, ನೆತ್ತಿಯ ಮೇಲೆ ಹತ್ತಿರ, ಅಂಚಿನಲ್ಲಿ ಬಲು ದೂರ ಎಂದು ತೋರುತ್ತದೆ. ಕಣ್ಣಿನಲ್ಲಿ ಅಷ್ಟೇ ಜಾಗ ಹಿಡಿದ ಚಂದ್ರನನ್ನು ದೂರದವನೆಂದು ಎಣಿಸಿದಾಗ ಮನಸ್ಸು ಅವನನ್ನು ದೊಡ್ಡವನನ್ನಾಗಿ ಮಾಡುತ್ತದೆ. ದಟ್ಟ ಹಬೆ ಕೆಲವೊಮ್ಮೆ ಜೊತೆಗೂಡಬಹುದು, ಆದರೆ ಅದು ಆಗೊಮ್ಮೆ ಈಗೊಮ್ಮೆ ಬರುವ ಕಾರಣ, ಯಾವಾಗಲೂ ಇರುವ ಕಾರಣ ಈ ತೀರ್ಮಾನದ ತಪ್ಪೇ ಎಂದು ಅವರು ಸೇರಿಸಿದ್ದಾರೆ.

ಈ ಗ್ರಂಥ ಲ್ಯಾಟಿನ್‌ಗೆ ಅನುವಾದವಾಗಿ ಯುರೋಪಿಗೆ ಹೋಯಿತು, 1572ರಲ್ಲಿ ಬಾಸೆಲ್‌ನಲ್ಲಿ ಅಚ್ಚಾಯಿತು. ಇರಾನಿನ ಕಮಾಲುದ್ದೀನ್ ಅಲ್ ಫಾರಿಸಿ ಇದಕ್ಕೆ ದೊಡ್ಡ ವ್ಯಾಖ್ಯಾನ ಬರೆದರು. ನೂರಾರು ವರ್ಷಗಳ ನಂತರ, 1962ರಲ್ಲಿ, ಅಮೆರಿಕದ ಕೌಫ್‌ಮನ್ ಮತ್ತು ರಾಕ್ ಎಂಬ ಇಬ್ಬರು ವಿಜ್ಞಾನಿಗಳು ಆಕಾಶದಲ್ಲಿ ಕೃತಕ ಚಂದ್ರರನ್ನು ತೋರಿಸುವ ಉಪಕರಣ ಮಾಡಿ ಪರೀಕ್ಷಿಸಿದರು. ಅಂಚಿನ ಚಂದ್ರ ನೋಡುವವರಿಗೆ ಒಂದೂವರೆ ಪಟ್ಟಿನವರೆಗೂ ದೊಡ್ಡದಾಗಿ ಕಂಡಿತು. ನಡುವಿನ ನೆಲವನ್ನು ಮರೆಮಾಡಿದಾಗ ಆ ದೊಡ್ಡತನ ಹೊರಟುಹೋಯಿತು.

ವಿಷಯ ಅಲ್ಲಿಗೆ ಪೂರ್ತಿ ಮುಗಿದಿಲ್ಲ ಎಂಬುದನ್ನೂ ಹೇಳಬೇಕು. ಯಾರನ್ನಾದರೂ ಕೇಳಿ ನೋಡಿ, ಹುಟ್ಟುವ ಚಂದ್ರ ದೂರವಿದ್ದಂತೆ ಕಾಣುತ್ತದೆ ಎನ್ನುವುದಿಲ್ಲ, ಹತ್ತಿರ ಬಂದಂತಿದೆ ಎನ್ನುತ್ತಾರೆ. ದೂರವೆಂದು ಎಣಿಸಿದ್ದರಿಂದಲೇ ದೊಡ್ಡದಾಯಿತು ಎನ್ನುವುದಾದರೆ ಇದು ಹೇಗೆ? ಮನಸ್ಸು ಒಳಗೊಳಗೆ ದೂರವೆಂದು ಎಣಿಸಿ ದೊಡ್ಡದಾಗಿಸುತ್ತದೆ, ದೊಡ್ಡದಾಗಿ ಕಂಡ ಮೇಲೆ ಹತ್ತಿರವೆಂದು ಬಾಯಿ ಹೇಳುತ್ತದೆ ಎಂದು ಕೆಲವರು ಉತ್ತರಿಸುತ್ತಾರೆ. ಇನ್ನು ಕೆಲವರು ಒಪ್ಪುವುದಿಲ್ಲ. ಆದರೆ ತಪ್ಪು ಚಂದ್ರನಲ್ಲಿಲ್ಲ, ನಮ್ಮ ಅಂದಾಜಿನಲ್ಲಿದೆ ಎಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ.

ಇದನ್ನು ಮನೆಯಲ್ಲೇ ನೋಡಬಹುದು. ಕಚೇರಿಯಲ್ಲಿ ಕಾಗದಕ್ಕೆ ತೂತು ಹಾಕುವ ಪಂಚಿಂಗ್ ಮಷೀನಿನ ತೂತು ಸುಮಾರು 6 ಮಿ.ಮೀ. ಅಂತಹ ತೂತಿನ ಕಾಗದವನ್ನು ಕೈ ಪೂರ್ತಿ ಚಾಚಿ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿದರೆ ಹುಣ್ಣಿಮೆಯ ಚಂದ್ರ ಹೆಚ್ಚುಕಡಿಮೆ ಸರಿಯಾಗಿ ಅದರೊಳಗೆ ಕೂರುತ್ತಾನೆ. ಚಂದ್ರ ಹುಟ್ಟುವಾಗ ಒಮ್ಮೆ, ತಹಜ್ಜುದ್ ಹೊತ್ತಿಗೆ ಮುಂಚೆ ಮೇಲೇರಿದಾಗ ಇನ್ನೊಮ್ಮೆ ಮಕ್ಕಳಿಗೆ ತೋರಿಸಿ. ಎರಡೂ ಸಲ ತೂತಿನೊಳಗೆ ಅಷ್ಟೇ ಇರುತ್ತಾನೆ. ನಿಜ ಹೇಳುವುದಾದರೆ ನೆತ್ತಿಯ ಮೇಲಿನ ಚಂದ್ರನೇ ಕೂದಲೆಳೆಯಷ್ಟು ದೊಡ್ಡವನು. ಚಂದ್ರ ಇರುವುದು ಸುಮಾರು 3,84,000 ಕಿ.ಮೀ. ದೂರದಲ್ಲಿ. ನೆತ್ತಿಗೆ ಬಂದಾಗ ಭೂಮಿಯ ಅರ್ಧ ದಪ್ಪದಷ್ಟು, ಅಂದರೆ ಸುಮಾರು 6,400 ಕಿ.ಮೀ., ನಮಗೆ ಹತ್ತಿರವಾಗುತ್ತಾನೆ. ಅರವತ್ತರಲ್ಲಿ ಒಂದು ಪಾಲಿನ ಈ ವ್ಯತ್ಯಾಸ ಕಣ್ಣಿಗೆ ತಿಳಿಯುವುದಿಲ್ಲ.

ಈಗ ಅಂಗಳದ ಮಾತಿಗೆ ಬರೋಣ. ಈದಿನ ಚಂದ್ರ ಯಾವಾಗಲೂ ಪಶ್ಚಿಮದ ಅಂಚಿನ ಬಳಿಯೇ ಕಾಣುವುದು, ಹಾಗಾಗಿ ಕಣ್ಣಿನ ಈ ಮೋಸ ಅಲ್ಲಿ ಇದ್ದೇ ಇರುತ್ತದೆ. ಅದರ ಜೊತೆಗೆ ಇನ್ನೊಂದು ಕಾರಣವುಂಟು, ಅದು ಮೋಸವಲ್ಲ. ಇಪ್ಪತ್ತೊಂಬತ್ತರ ಸಂಜೆ ಸೂರ್ಯ ಮುಳುಗುವಾಗ ಅಮಾವಾಸ್ಯೆ ಕಳೆದು 14 ಗಂಟೆ ಆಗಿತ್ತು ಎಂದಿಟ್ಟುಕೊಳ್ಳಿ. ಅಷ್ಟು ಎಳೆಯ ಚಂದ್ರ ಬರಿಗಣ್ಣಿಗೆ ಸಾಮಾನ್ಯವಾಗಿ ಕಾಣುವುದಿಲ್ಲ, ತಿಂಗಳು ಮೂವತ್ತಾಗುತ್ತದೆ. ಮರುದಿನ ಸಂಜೆ ಅವನಿಗೆ 38 ಗಂಟೆ. ಬೆಳಗಿದ ಭಾಗ ಆರೇಳು ಪಟ್ಟು ಹೆಚ್ಚಿರುತ್ತದೆ, ಸೂರ್ಯ ಮುಳುಗಿ ಒಂದು ಗಂಟೆಗೂ ಮೇಲೆ ಆಕಾಶದಲ್ಲಿರುತ್ತಾನೆ. ದಪ್ಪನಾದ ಆ ಚಂದ್ರ ಶರೀಅತ್ತಿನ ಪ್ರಕಾರ ಮೊದಲ ರಾತ್ರಿಯವನೇ, ಏಕೆಂದರೆ ಹಿಂದಿನ ಸಂಜೆ ಯಾರಿಗೂ ಕಾಣಲಿಲ್ಲ.

ಆದ್ದರಿಂದ ಚಂದ್ರ ದೊಡ್ಡದಾಗಿ ಕಂಡ ಮಾತ್ರಕ್ಕೆ ರೋಜಾ ತಪ್ಪಿತೆಂದೂ ಅಲ್ಲ, ಕಜಾ ಬಂತೆಂದೂ ಅಲ್ಲ. ಹಿಂದಿನ ಸಂಜೆಯೇ ಕಂಡದ್ದಕ್ಕೆ ನಂಬಬಹುದಾದ ಸಾಕ್ಷಿ ಬಂದು, ಜವಾಬ್ದಾರರು ಅದನ್ನು ಒಪ್ಪಿ ಘೋಷಿಸಿದರೆ ಆಗ ಕಜಾದ ಮಾತು ಬೇರೆ. ಮುಂದಿನ ಸಲ ಅಂಗಳದಲ್ಲಿ ಯಾರಾದರೂ "ಎಷ್ಟು ದೊಡ್ಡದಿದೆ ನೋಡಿ" ಎಂದಾಗ, ಇಬ್ನು ಅಬ್ಬಾಸ್ (ರ) ಕೇಳಿದ್ದನ್ನೇ ನಾವೂ ಕೇಳೋಣ: ಯಾವ ರಾತ್ರಿ ಕಂಡಿರಿ?