ಇವರು ಯಾರು? – ಹೆಸರಿಲ್ಲದ ಒಂದು ಗುಂಪುಚಿತ್ರದ ಕುರಿತು

ಶತಮಾನೋತ್ಸವ ಸಂಚಿಕೆಗೆ ಹಳೆಯ ಚಿತ್ರಗಳಿದ್ದರೆ ಕಳುಹಿಸಿಕೊಡಿರೆಂದು ನಾವು ಕೇಳಿಕೊಂಡಾಗ ಮೊದಲು ಬಂದದ್ದು ಒಂದು ಗುಂಪುಚಿತ್ರ. ಹಳೆಯ ವಿದ್ಯಾರ್ಥಿಯೊಬ್ಬರು ಅದನ್ನು ಮೊಬೈಲಿನಲ್ಲಿ ತೆಗೆದು ಎಲ್ಲರಿಗೂ ಕಳುಹಿಸಿದ್ದರು. ಜೊತೆಗಿದ್ದುದು ಎರಡೇ ಮಾತು: ‘ಇವರು ಯಾರು?’

ಒಂದೇ ದಿನದಲ್ಲಿ ಉತ್ತರಗಳು ಬಂದವು. ನಡುವೆ ಕೋಟು, ಪೇಟ ಧರಿಸಿ ಕುಳಿತವರು ಶಾಲೆಯ ಸ್ಥಾಪಕರೆಂದು ಅನೇಕರು ನಿಶ್ಚಯಿಸಿದರು. ನೆಲದ ಮೇಲೆ ಕುಳಿತ ಒಬ್ಬನೇ ಬಾಲಕನನ್ನು ಮೂರು ಮನೆಗಳವರು ತಮ್ಮ ತಾತನೆಂದು ಗುರುತಿಸಿದರು. ಮೂವರ ದನಿಯಲ್ಲಿಯೂ ಪ್ರೀತಿಯಿತ್ತು. ಆದರೆ ಮೂವರೂ ಸರಿಯಾಗಿರಲು ಸಾಧ್ಯವಿರಲಿಲ್ಲ. ಅಚ್ಚಾದ ಹೆಸರನ್ನು ಮುಂದಿನವರು ಪ್ರಶ್ನಿಸುವುದಿಲ್ಲ. ಆದುದರಿಂದ ಹೆಸರುಗಳನ್ನು ಬದಿಗಿಟ್ಟು, ಚಿತ್ರವೇ ಏನು ಹೇಳುತ್ತದೆಯೆಂದು ಮೊದಲು ನೋಡೋಣವೆಂದು ನಿರ್ಧರಿಸಿದೆವು.

ಮೊದಲು ಮಾಡಿದ ಕೆಲಸ ಮೂಲಪ್ರತಿಯನ್ನು ತರಿಸಿಕೊಂಡದ್ದು. ಮೊಬೈಲಿನ ಪ್ರತಿಯಲ್ಲಿ ಮುಖಗಳಷ್ಟೇ ಕಾಣುವಂತೆ ಅಂಚುಗಳನ್ನು ಕತ್ತರಿಸಲಾಗಿತ್ತು. ಮೂಲದಲ್ಲಿ ಬೂದುಬಣ್ಣದ ದಪ್ಪ ರಟ್ಟು, ಅದರ ಮೇಲೆ ಸುಮಾರು ಎಂಟೂವರೆ ಅಂಗುಲ ಅಗಲ, ಆರೂವರೆ ಅಂಗುಲ ಎತ್ತರದ ಚಿತ್ರ. ಗಾಜಿನ ಫಲಕ ಬಳಸುತ್ತಿದ್ದ ಛಾಯಾಗ್ರಾಹಕರ ‘ಫುಲ್ ಪ್ಲೇಟ್’ ಅಳತೆ ಇದೇ. ಕತ್ತಲ ಭಾಗಗಳಲ್ಲಿ ಬೆಳ್ಳಿಯ ಹೊಳಪು ಮೇಲೆ ಬಂದಿದೆ. ಹಳೆಯ ಬೆಳ್ಳಿಲವಣದ ಮುದ್ರಣಗಳಲ್ಲಿ ಇದು ಸಾಮಾನ್ಯ. ಇಷ್ಟರಿಂದ ಚಿತ್ರ ಹಳೆಯದೆಂದು ತಿಳಿಯಿತೇ ಹೊರತು ವರ್ಷ ತಿಳಿಯಲಿಲ್ಲ.

ವರ್ಷದ ಸುಳಿವು ಮುಂದಿನ ಸಾಲಿನಲ್ಲಿತ್ತು. ಅಲ್ಲಿ ಒಬ್ಬ ಹುಡುಗ ಹಿಡಿದ ಸ್ಲೇಟಿನ ಮೇಲೆ ಎಂಟನೆಯ ತರಗತಿಯೆಂದೂ ಅದರ ಕೆಳಗೆ ಇಸವಿಯನ್ನೂ ಬರೆದಿದ್ದಾರೆ. ಇಸವಿಯ ಮೊದಲ ಎರಡು ಅಂಕಿಗಳು 19, ಕೊನೆಯದು 8. ಮೂರನೆಯ ಅಂಕಿಯ ಮೇಲೆ ಆ ಹುಡುಗನ ಹೆಬ್ಬೆರಳಿದೆ! ಹಾಗಾದರೆ 1928, 1938, 1948, 1958, 1968 ಇವುಗಳಲ್ಲಿ ಯಾವುದಾದರೂ ಆಗಬಹುದು.

ಜಗಲಿಯ ಕಂಬದಿಂದ ಕಂಬಕ್ಕೆ ಕಾಗದದ ಬಾವುಟಗಳ ತೋರಣ ಕಟ್ಟಿದೆ. ಮೊಬೈಲಿನಲ್ಲಿ ಅವು ಬರಿಯ ಚುಕ್ಕೆಗಳು. ಮೂಲಪ್ರತಿಯ ಮೇಲೆ ಭೂತಗನ್ನಡಿ ಹಿಡಿದಾಗ ನಡುವಿನ ಬಿಳಿಯ ಪಟ್ಟಿಯಲ್ಲಿ ಗುಂಡನೆಯ ಚಕ್ರ ಕಂಡಿತು. 1931ರಲ್ಲಿ ಕಾಂಗ್ರೆಸ್ಸು ಅಂಗೀಕರಿಸಿದ ಬಾವುಟದಲ್ಲಿದ್ದುದು ಚರಕ. ಅದರ ಒಂದು ಕಡೆ ಚಕ್ರ, ಇನ್ನೊಂದು ಕಡೆ ಕದಿರು. ಅದರ ಜಾಗದಲ್ಲಿ ಅಶೋಕಚಕ್ರವಿರುವ ಬಾವುಟವನ್ನು ಸಂವಿಧಾನ ಸಭೆ ಅಂಗೀಕರಿಸಿದ್ದು 1947ರ ಜುಲೈ 22ರಂದು. ಆದುದರಿಂದ 1928 ಮತ್ತು 1938 ಬಿದ್ದುಹೋದವು.

ಉಳಿದವನ್ನು ನಮ್ಮ ಕಡತಗಳೇ ತೀರ್ಮಾನಿಸಿದವು. ಹಿನ್ನೆಲೆಯ ಹೆಂಚಿನ ಜಗಲಿಯನ್ನು 1962ರಲ್ಲಿ ಕೆಡವಿದ ಖರ್ಚು ಲೆಕ್ಕಪುಸ್ತಕದಲ್ಲಿದೆ, 1968 ಆಗದು. ಚಿತ್ರದಲ್ಲಿ 23 ಮಕ್ಕಳು, ಅವರಲ್ಲಿ ಒಂಬತ್ತು ಹುಡುಗಿಯರು. 1957–58ರ ಹಾಜರಿ ಪುಸ್ತಕದಲ್ಲಿ ಎಂಟನೆಯ ತರಗತಿಯಲ್ಲಿದ್ದ ಹುಡುಗಿಯರು ಐವರೇ. ಪುಸ್ತಕಕ್ಕಿಂತ ಚಿತ್ರದಲ್ಲಿ ಕಡಿಮೆ ಮಂದಿಯಿದ್ದರೆ ಉಳಿದವರು ಅಂದು ಬಂದಿರಲಿಲ್ಲವೆನ್ನಬಹುದು, ಹೆಚ್ಚಿದ್ದರೆ ಹಾಗೆನ್ನಲಾಗದು. ಬೇರೆ ತರಗತಿಯ ಹುಡುಗಿಯರು ಬಂದು ಸೇರಿರದಿದ್ದರೆ ಇದು 1948ರ ಚಿತ್ರ. 1947–48ರ ಹಾಜರಿ ಪುಸ್ತಕ ಗೆದ್ದಲಿನ ಪಾಲಾಗಿದೆ. ಆದುದರಿಂದ ‘ಬಹುಶಃ 1948’ ಎಂದು ಬರೆಯುವುದೇ ನ್ಯಾಯ.

ಸ್ಥಾಪಕರು 1941ರಲ್ಲಿ ತೀರಿಕೊಂಡರೆಂಬುದು ಆಡಳಿತ ಮಂಡಳಿಯ ನಡಾವಳಿಯಲ್ಲಿದೆ. ಬಾವುಟದ ಚಕ್ರವೊಂದೇ ಸಾಕು, ನಡುವೆ ಕುಳಿತವರು ಅವರಲ್ಲವೆನ್ನಲು. ಅನೇಕರ ಮನಸ್ಸಿಗೆ ಇದರಿಂದ ನೋವಾಯಿತೆಂದು ನಾನು ಬಲ್ಲೆ. ಆ ಪೇಟವನ್ನು ನೋಡಿ, ಅವರು ಮೈಸೂರಿನಿಂದ ಬಂದ ಅತಿಥಿಗಳಿರಬೇಕೆಂದು ಇನ್ನು ಕೆಲವರು ಊಹಿಸಿದರು. ಅದಕ್ಕೂ ಆಧಾರ ಸಾಲದು. 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವವರೆಗೆ ಕೊಳ್ಳೇಗಾಲ ತಾಲ್ಲೂಕು ನಮ್ಮ ಕೊಯಮತ್ತೂರು ಜಿಲ್ಲೆಯದೇ ಆಗಿತ್ತು. ಅಲ್ಲಿಂದ ಇಲ್ಲಿಗೆ ಬಂದ ಕನ್ನಡಿಗನು ಜಿಲ್ಲೆಯ ಗಡಿಯನ್ನೂ ದಾಟಬೇಕಿರಲಿಲ್ಲ. ಪೇಟ ಉಡುಪನ್ನು ತಿಳಿಸುತ್ತದೆ, ಊರನ್ನಲ್ಲ.

ಹೀಗೆಯೇ ಚಿತ್ರ ಹೇಳದ ಇನ್ನೆರಡು ಸಂಗತಿಗಳಿವೆ. ಮೊದಲನೆಯದು ಬಣ್ಣ. ಅಂದು ಬಳಕೆಯಲ್ಲಿದ್ದ ಅನೇಕ ಫಲಕಗಳಿಗೆ ಕೆಂಪು ಬೆಳಕು ತಾಗುತ್ತಿರಲಿಲ್ಲ. ಕೆಂಪು ಕಪ್ಪಾಗಿಯೂ ನೀಲಿ ಬೆಳ್ಳಗೂ ಮೂಡುತ್ತಿತ್ತು. ಶಿಕ್ಷಕಿಯೊಬ್ಬರ ಸೀರೆಯ ಅಂಚು ಕಪ್ಪಾಗಿ ಕಂಡರೂ ಅದು ಕೆಂಪಿರಬಹುದು. ಎರಡನೆಯದು ಭಾವ. ಯಾರೂ ನಗುತ್ತಿಲ್ಲ, ಎಲ್ಲರ ಹುಬ್ಬೂ ಗಂಟಿಕ್ಕಿದೆ. ‘ಎಂತಹ ಕಟ್ಟುನಿಟ್ಟಿನ ಕಾಲ!’ ಎಂದರು ಒಬ್ಬರು. ಆದರೆ ನೆರಳುಗಳನ್ನು ನೋಡಿದರೆ ಎಲ್ಲರ ಮುಖದ ಮೇಲೂ ನೇರ ಬಿಸಿಲು ಬಿದ್ದಿದೆ. ಅಲುಗಾಡಬಾರದೆಂದು ಉಸಿರು ಬಿಗಿಹಿಡಿದವರು ನಗುವುದೆಂತು? ತಲೆ ತಿರುಗಿಸಿದ ಇಬ್ಬರು ಮಕ್ಕಳ ಮುಖ ಮಸುಕಾಗಿದೆ.

ಎಡಗಡೆಯ ಕೊನೆಯ ಕಂಬದ ಬಳಿ, ಗುಂಪಿನಿಂದ ಎರಡು ಮಾರು ದೂರದಲ್ಲಿ, ಒಬ್ಬರು ನಿಂತಿದ್ದಾರೆ. ಮೈಮೇಲೆ ಅಂಗಿಯಿಲ್ಲ, ಹೆಗಲ ಮೇಲೊಂದು ವಸ್ತ್ರ, ಕೈಯಲ್ಲಿ ಮರದ ಕೊಡತಿ. ಮೊಬೈಲಿಗೆಂದು ಅಂಚು ಕತ್ತರಿಸಿದಾಗ ಅವರೂ ಕತ್ತರಿಸಿಹೋಗಿದ್ದರು. ಗಂಟೆ ಬಾರಿಸುತ್ತಿದ್ದವರಿರಬಹುದೆಂದು ನನ್ನ ಮನಸ್ಸು ಹೇಳುತ್ತದೆ. ಆದರೆ ಬರೆಯಬಹುದಾದದ್ದು ‘ಕೊಡತಿ ಹಿಡಿದು ನಿಂತವರು’ ಎಂದಷ್ಟೇ. ಅವರನ್ನು ಯಾರೂ ತಮ್ಮ ತಾತನೆಂದು ಹೇಳಿಕೊಂಡು ಬರಲಿಲ್ಲ. ಈ ಸಂಚಿಕೆಯಲ್ಲಿ ಚಿತ್ರವನ್ನು ಅಂಚುಸಹಿತ ಪೂರ್ತಿಯಾಗಿ ಮುದ್ರಿಸಿರುವುದಕ್ಕೆ ಅವರೇ ಕಾರಣ.

ಚಿತ್ರದ ಕೆಳಗಿನ ಒಕ್ಕಣೆಯನ್ನು ಹೀಗೆ ಸಿದ್ಧಪಡಿಸಿದೆವು: ‘ಶಾಲೆಯ ಹಳೆಯ ಹೆಂಚಿನ ಜಗಲಿಯ ಮುಂದೆ ಎಂಟನೆಯ ತರಗತಿ, ಬಹುಶಃ 1948, ಅಂದಿನ ಮದರಾಸು ಪ್ರಾಂತ್ಯ, ಕೊಯಮತ್ತೂರು ಜಿಲ್ಲೆ. ಕುರ್ಚಿಗಳಲ್ಲಿ ಏಳು ಮಂದಿ ಹಿರಿಯರು, ಅವರಲ್ಲಿ ಒಬ್ಬರು ಮಹಿಳೆ. 14 ಹುಡುಗರು, ಒಂಬತ್ತು ಹುಡುಗಿಯರು. ಎಡಗಡೆಯ ಕಂಬದ ಬಳಿ ಕೊಡತಿ ಹಿಡಿದು ನಿಂತವರು ಒಬ್ಬರು.’ ತಿರುಪ್ಪೂರು ಜಿಲ್ಲೆಯೆಂದು ಏಕೆ ಬರೆದಿಲ್ಲವೆಂದು ಕೇಳುವವರಿಗೆ: ಆ ಜಿಲ್ಲೆ ರೂಪುಗೊಂಡದ್ದು 2009ರಲ್ಲಿ.

ಹೆಸರುಗಳ ಬಾಗಿಲನ್ನು ನಾವು ಮುಚ್ಚಿಲ್ಲ. ಚಿತ್ರದ ಮೇಲೆ ಪಾರದರ್ಶಕ ಹಾಳೆಯಿಟ್ಟು ತಲೆಗಳ ರೂಪರೇಖೆ ಎಳೆದು, ಸಾಲು ಸಾಲಾಗಿ ಎಡದಿಂದ 1ರಿಂದ 31ರವರೆಗೆ ಸಂಖ್ಯೆ ಕೊಟ್ಟಿದ್ದೇವೆ. ಬೇರೊಂದು ಪುಸ್ತಕದಲ್ಲಿ ಸಂಖ್ಯೆ, ಸೂಚಿಸಿದ ಹೆಸರು, ಸೂಚಿಸಿದವರು ಯಾರು, ಯಾವ ಆಧಾರದಿಂದ, ಯಾವ ದಿನ ಎಂಬುದನ್ನು ಬರೆಯುತ್ತಿದ್ದೇವೆ. ಹಿರಿಯರಿಗೆ ಚಿತ್ರವನ್ನು ಒಬ್ಬೊಬ್ಬರಿಗೇ ತೋರಿಸುತ್ತೇವೆ. ಒಬ್ಬರು ಹೇಳಿದ ಹೆಸರು ಕಿವಿಗೆ ಬಿದ್ದಮೇಲೆ ಇನ್ನೊಬ್ಬರಿಗೂ ಅದೇ ಮುಖ ಕಾಣತೊಡಗುತ್ತದೆ. ಪರಸ್ಪರ ಕೇಳದ ಇಬ್ಬರು ಒಂದೇ ಹೆಸರು ಹೇಳಿದರೆ, ಇಲ್ಲವೆ ಮನೆಯಲ್ಲಿ ಅದೇ ವ್ಯಕ್ತಿಯ ಹೆಸರು ಬರೆದ ಬೇರೊಂದು ಚಿತ್ರ ದೊರೆತರೆ ಮಾತ್ರ ಹೆಸರನ್ನು ಒಪ್ಪುತ್ತೇವೆ.

ಇದುವರೆಗೆ ಹಾಗೆ ಒಪ್ಪಿದ್ದು ಒಂದೇ ಹೆಸರು: 22ನೆಯ ಸಂಖ್ಯೆಯ ಹುಡುಗಿ, ಎರಡು ಜಡೆಯನ್ನು ಮುಂದಕ್ಕೆ ಇಳಿಬಿಟ್ಟವಳು. ಅವರ ಮಗಳು ತಾಯಿಯ ಹೆಸರನ್ನು ಅಚ್ಚಿನಲ್ಲಿ ನೋಡಬೇಕೆಂದು ಆಸೆಪಟ್ಟರೂ, ಉಳಿದವರ ಹೆಸರುಗಳೊಡನೆಯೇ ಬರಲಿ, ಅಲ್ಲಿಯವರೆಗೆ ಪುಸ್ತಕದಲ್ಲಿರಲಿ ಎಂದು ತಾವೇ ಹೇಳಿದರು. ಆ ಪುಸ್ತಕ ಕಛೇರಿಯಲ್ಲಿದೆ. ಉಳಿದ ಮೂವತ್ತು ಸಾಲುಗಳು ಖಾಲಿಯಿವೆ.