ವೈದ್ಯರ ಚೀಟಿ ಕೇಳದ ಆನ್‌ಲೈನ್ ಔಷಧ ಅಂಗಡಿ: ಅಗ್ಗ ಎಂದರೆ ನಕಲಿಯೇ?

“ಚೀಟಿ ಬೇಡ, ಸೆಫಿಕ್ಸಿಮ್ ಮಾತ್ರೆ ಕಾಲು ಬೆಲೆಗೆ” ಎಂಬ ಲಿಂಕ್ ಕುಂಬ್ರದ ಯಾವುದೋ ಫ್ಯಾಮಿಲಿ ಗ್ರೂಪ್‌ಗೆ ಬಂತು ಎಂದುಕೊಳ್ಳೋಣ. ನಂಬಬಹುದೇ?

ಬೆಲೆ ಕಡಿಮೆ ಎಂದಷ್ಟಕ್ಕೇ ನಕಲಿ ಎನ್ನಲಾಗದು. ಜನೌಷಧಿ ಕೇಂದ್ರಗಳಲ್ಲೂ ಬ್ರ್ಯಾಂಡ್ ಮಾತ್ರೆಗಿಂತ ಬಹಳ ಅಗ್ಗಕ್ಕೆ ಅಸಲಿ ಔಷಧ ಸಿಗುತ್ತದೆ. ನಾವು ಅನುಮಾನಪಡುವುದು “ಚೀಟಿ ಬೇಡ” ಎಂಬ ಮಾತಿಗೆ. ಸೆಫಿಕ್ಸಿಮ್ ಶೆಡ್ಯೂಲ್ ಎಚ್1 ಪಟ್ಟಿಯಲ್ಲಿರುವ ಆಂಟಿಬಯೋಟಿಕ್. ಇದನ್ನು ಮಾರುವವರು ಚೀಟಿ ಬರೆದ ವೈದ್ಯರ ಹೆಸರು, ವಿಳಾಸ, ರೋಗಿಯ ಹೆಸರು, ಕೊಟ್ಟ ಔಷಧ ಮತ್ತು ಪ್ರಮಾಣವನ್ನು ಪ್ರತ್ಯೇಕ ಪುಸ್ತಕದಲ್ಲಿ ಬರೆದು 3 ವರ್ಷ ಇಟ್ಟುಕೊಳ್ಳಬೇಕು. ಚೀಟಿಯನ್ನೇ ನೋಡದವರು ಅದರಲ್ಲಿ ಬರೆಯುವುದಾದರೂ ಏನು? ಆ ನಿಯಮ ಮುರಿದವರು ಮಾತ್ರೆಯನ್ನು ಎಲ್ಲಿಂದ ತಂದರೆಂದು ನಂಬುವುದು ಹೇಗೆ?

ಮಾತ್ರೆ ಈಗಾಗಲೇ ಕೈಗೆ ಬಂದಿದ್ದರೆ ನುಂಗುವ ಮೊದಲು ಸ್ಟ್ರಿಪ್ ನೋಡಿ. ಕೆಂಪು ಚೌಕಟ್ಟಿನೊಳಗೆ ಎಚ್ಚರಿಕೆ ಇರಬೇಕು, ಬ್ಯಾಚ್ ನಂಬರ್ ಬಿಲ್‌ನಲ್ಲಿರುವುದಕ್ಕೆ ಹೊಂದಬೇಕು. ಬಿಲ್ಲೇ ಬಂದಿಲ್ಲವೆಂದರೆ ಬಳಸಬೇಡಿ. 2023ರ ಆಗಸ್ಟ್ 1ರಿಂದ 300 ಪ್ರಮುಖ ಬ್ರ್ಯಾಂಡ್‌ಗಳಿಗೆ ಕ್ಯೂಆರ್ ಕೋಡ್ ಕಡ್ಡಾಯವಾಗಿದೆ. ಸ್ಕ್ಯಾನ್ ಮಾಡಿದರೆ ತಯಾರಕರು, ಬ್ಯಾಚ್, ಅವಧಿ ತಿಳಿಯುತ್ತದೆ. ಆದರೆ ಕೋಡನ್ನೂ ನಕಲು ಮಾಡಬಹುದು, ಅದೊಂದನ್ನೇ ನಂಬಿ ಕೂರಬೇಡಿ.

ಇನ್ನೊಂದು ಮಾತು: ಮಾತ್ರೆ ಅಸಲಿಯೇ ಆಗಿದ್ದರೂ ಡೆಂಗಿಯಂಥ ವೈರಸ್ ಜ್ವರಕ್ಕೆ ಸೆಫಿಕ್ಸಿಮ್ ಏನೂ ಮಾಡದು.